ಮನೆಧೂಪದ ತೂಕ, ಹೊಗೆಯ ಲೆಕ್ಕ

ಧೂಪ ಮಾಡುವ ಸಾಮಗ್ರಿಯ ಮಟ್ಟಿಗೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಕೊರತೆಯಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ, ಕಡೂರಿನ ಬಾಸೂರು ಕಾವಲಿನಲ್ಲಿ ಅದೇ ತಳಿಯ ದನ ಮೇಯುತ್ತವೆ. ಹಾಗಾಗಿ ನಾಟಿ ಹಸುವಿನ ಸಗಣಿ ಎಂದರೆ ಇಲ್ಲಿಯವರಿಗೆ ಹುಡುಕಿ ತರುವ ವಸ್ತುವಲ್ಲ. ತೆಂಗು, ಅಡಿಕೆ ತೋಟಗಳಲ್ಲಿ ಎಷ್ಟು ಕಿತ್ತರೂ ಸಾಯದ ಕೊನ್ನಾರಿ ಗೆಡ್ಡೆ ಅಗರಬತ್ತಿ ಕಾರ್ಖಾನೆಗಳು ದುಡ್ಡು ಕೊಟ್ಟು ಕೊಳ್ಳುವ ಪರಿಮಳದ ಮೂಲಿಕೆ. ಬೇಲಿಯಲ್ಲಿ ಲಕ್ಕಿ, ಅಂಗಳದಲ್ಲಿ ತುಳಸಿ, ಹಿತ್ತಲಲ್ಲಿ ಬೇವು ಇದ್ದೇ ಇರುತ್ತವೆ. ತರೀಕೆರೆಯಿಂದ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ಕಡೆ ಹೊರಟರೆ ರಾಳ ಕೊಡುವ ಮರಗಳ ಕಾಡು ಶುರುವಾಗುತ್ತದೆ. ಇಷ್ಟೆಲ್ಲ ಕೈಗೆಟಕುವಾಗ ಅಂಗಡಿಯ ಧೂಪವನ್ನೇಕೆ ತರಬೇಕು, ಮನೆಯಲ್ಲೇ ಮಾಡಿಕೊಳ್ಳಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಡಿಕೊಳ್ಳಬಹುದು, ಚೆನ್ನಾಗಿಯೂ ಬರುತ್ತದೆ. ಆದರೆ ಈ ಪ್ರಶ್ನೆಯ ಬೆನ್ನಿಗೇ ಒಂದು ನಂಬಿಕೆ ಅಂಟಿಕೊಂಡು ಬರುತ್ತದೆ: ಮನೆಯದು, ಗಿಡಮೂಲಿಕೆಯದು, ರಾಸಾಯನಿಕವಿಲ್ಲದ್ದು, ಆದ್ದರಿಂದ ಇದರ ಹೊಗೆ ಏನೂ ಮಾಡುವುದಿಲ್ಲ ಎಂಬುದು. ನನ್ನ ತಕರಾರು ಇರುವುದು ಆ ‘ಆದ್ದರಿಂದ’ದ ಬಗ್ಗೆ.

ಮನೆಯಲ್ಲಿ ಮಾಡಿದರೆ ಕೆಲವು ವಸ್ತುಗಳು ತಪ್ಪುತ್ತವೆ, ಅದು ನಿಜ. ಮಾರುಕಟ್ಟೆಯ ಎಷ್ಟೋ ಬತ್ತಿಗಳಿಗೆ ಪರಿಮಳ ಬರುವುದು ಕೃತಕ ಸುಗಂಧದಿಂದ. ಆ ಸುಗಂಧವನ್ನು ತೆಳುಮಾಡಲು ಡೈಈಥೈಲ್ ಥ್ಯಾಲೇಟ್‌ನಂಥ ದ್ರಾವಕ ಬಳಸುವುದು ಉದ್ಯಮದಲ್ಲಿ ಹಳೆಯ ರೂಢಿ. ಮನೆಯ ಧೂಪದಲ್ಲಿ ಅದಿರುವುದಿಲ್ಲ. ಆದರೆ ಹೊಗೆಯಲ್ಲಿರುವ ತೊಂದರೆಯ ದೊಡ್ಡ ಪಾಲು ಸುಗಂಧದಿಂದ ಹುಟ್ಟುವುದಲ್ಲ. ಸೌದೆ, ಸೊಪ್ಪು, ಸಗಣಿ, ರಾಳ ಯಾವುದೇ ಆಗಲಿ, ಉರಿಯದೆ ಹೊಗೆಯಾಡುವುದರಿಂದ ಹುಟ್ಟುವುದು. ಧೂಪ ಎಂದರೇ ಉರಿಯಬಾರದು, ಕನಲಬೇಕು. ಹಾಗೆ ಅರೆಬರೆ ಸುಟ್ಟಾಗ ಅತಿ ಸೂಕ್ಷ್ಮ ಕಣ, ಇಂಗಾಲದ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಬೆಂಜೀನ್ ಎಲ್ಲವೂ ಹೊರಬರುತ್ತವೆ. ತುಳಸಿ ಕಡ್ಡಿಯಾದರೂ ಅಷ್ಟೆ, ಗಂಧದ ಚಕ್ಕೆಯಾದರೂ ಅಷ್ಟೆ. ಪ್ರಯೋಗಾಲಯದ ಒಂದು ಪ್ರಸಿದ್ಧ ಅಳತೆಯ ಪ್ರಕಾರ ಒಂದು ಗ್ರಾಂ ಅಗರಬತ್ತಿ ಸುಟ್ಟರೆ ಸರಾಸರಿ 45 ಮಿಲಿಗ್ರಾಂ ಕಣ ಹೊರಬೀಳುತ್ತದೆ, ಒಂದು ಗ್ರಾಂ ಸಿಗರೇಟಿನಿಂದ ಬರುವುದು ಸುಮಾರು 10 ಮಿಲಿಗ್ರಾಂ. ಹಾಗೆಂದು ಅಗರಬತ್ತಿ ಸಿಗರೇಟಿಗಿಂತ ಕೆಟ್ಟದ್ದು ಎಂದು ಹೇಳಿಬಿಡುವಂತಿಲ್ಲ. ಸಿಗರೇಟಿನ ಹೊಗೆಯನ್ನು ಎದೆಯೊಳಕ್ಕೆ ಎಳೆದುಕೊಳ್ಳುತ್ತಾರೆ, ಧೂಪದ್ದು ಕೋಣೆಯಲ್ಲಿ ಹರಡಿ ತೆಳುವಾಗುತ್ತದೆ. ಆದರೆ ಹೊಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಸಾಮಗ್ರಿಯ ಹೆಸರಲ್ಲ, ಸುಟ್ಟ ತೂಕ ಮತ್ತು ಕೋಣೆಯ ಗಾಳಿ ಎಂಬುದಕ್ಕೆ ಈ ಅಂಕಿ ಸಾಕು. ಮನೆಯಲ್ಲಿ ಧೂಪ ಮಾಡುವುದರ ನಿಜವಾದ ಲಾಭವೂ ಅಲ್ಲೇ ಇದೆ. ಅಂಗಡಿಯವನು ಕೊಟ್ಟ ಗಾತ್ರವನ್ನು ಸುಡಬೇಕಿಲ್ಲ, ನಮಗೆ ಬೇಕಾದಷ್ಟೇ ಚಿಕ್ಕದಾಗಿ, ಹದವಾಗಿ ಒಣಗಿಸಿ ಮಾಡಿಕೊಳ್ಳಬಹುದು.

ಮಾಡುವ ಬಗೆಯನ್ನೇ ಒಮ್ಮೆ ಪೂರ್ತಿ ನೋಡೋಣ. ಕೋನ್ ಧೂಪದಲ್ಲಿ ನಾಲ್ಕು ಕೆಲಸಕ್ಕೆ ನಾಲ್ಕು ವಸ್ತು ಬೇಕು: ಕನಲಲು ಮರದ ಪುಡಿ, ಪರಿಮಳಕ್ಕೆ ಮೂಲಿಕೆ, ನಿಧಾನವಾಗಿ ಗಮಗಮಿಸಲು ರಾಳ, ಎಲ್ಲವನ್ನೂ ಹಿಡಿದಿಡಲು ಅಂಟು. ನೂರು ಗ್ರಾಂ ಒಣ ಮಿಶ್ರಣಕ್ಕೆ 45 ಗ್ರಾಂ ಮರದ ಪುಡಿ, 15 ಗ್ರಾಂ ಕೊನ್ನಾರಿ ಗೆಡ್ಡೆ, 10 ಗ್ರಾಂ ಲಾವಂಚದ ಬೇರು, 5 ಗ್ರಾಂ ಲಕ್ಕಿ ಇಲ್ಲವೇ ತುಳಸಿ ಎಲೆ, 15 ಗ್ರಾಂ ರಾಳ, 10 ಗ್ರಾಂ ಜಿಗಟು ಎಂದಿಟ್ಟುಕೊಳ್ಳಬಹುದು. ಮರದ ಪುಡಿಗೆ ಒಣಗಿದ ತುಳಸಿ ಗಿಡದ ಕಾಂಡ ಬಹಳ ಒಳ್ಳೆಯದು, ಬಣ್ಣ ಬಳಿಯದ ಸಾದಾ ಮರದ ಹೊಟ್ಟೂ ನಡೆಯುತ್ತದೆ. ಪ್ಲೈವುಡ್ ಕೊಯ್ದ ಹೊಟ್ಟು, ಔಷಧ ಹೊಡೆದ ಮರದ ಹೊಟ್ಟು ಮಾತ್ರ ಬೇಡ. ಅದರಲ್ಲಿರುವ ಅಂಟು, ಕೀಟನಾಶಕ ಎಲ್ಲ ಹೊಗೆಯಾಗಿ ಬರುತ್ತದೆ. ದೇವಸ್ಥಾನದಿಂದ ತಂದ ಸೇವಂತಿಗೆ, ಚೆಂಡುಹೂವನ್ನು ಒಣಗಿಸಿ ಬೆರೆಸುವವರೂ ಇದೇ ಮಾತನ್ನು ನೆನಪಿಡಬೇಕು, ಯಾಕೆಂದರೆ ಮಾರುಕಟ್ಟೆಗೆ ಬೆಳೆದ ಹೂವಿಗೆ ಔಷಧ ಹೊಡೆಯದವರು ಕಡಿಮೆ. ಬೇಲಿಯಲ್ಲಿ ಸಿಕ್ಕಿದ್ದೆಲ್ಲ ಮೂಲಿಕೆಯೂ ಅಲ್ಲ. ಕಣಗಿಲೆ, ಉಮ್ಮತ್ತಿಯಂಥ ವಿಷದ ಗಿಡಗಳ ಒಂದೆಲೆಯೂ ಮಿಶ್ರಣಕ್ಕೆ ಬೀಳಬಾರದು.

ಕೊನ್ನಾರಿ ಗೆಡ್ಡೆಯನ್ನು ತೊಳೆದು, ಬೇರುಗೂದಲನ್ನು ಸುಟ್ಟು ತಿಕ್ಕಿ, ಚಿಕ್ಕದಾಗಿ ಜಜ್ಜಿ, ಕಟ್ಟೆಂದು ಮುರಿಯುವಷ್ಟು ಒಣಗಿಸಿದ ಮೇಲೆಯೇ ಪುಡಿ ಮಾಡಬೇಕು. ಹಸಿ ಉಳಿದ ಗೆಡ್ಡೆ ಮಿಕ್ಸಿಯಲ್ಲಿ ನಾರಾಗುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ರಾಳದ ಕಷ್ಟ ಬೇರೆ. ಮಿಕ್ಸಿಯ ಬಿಸಿಗೇ ಕರಗಿ ಬ್ಲೇಡಿಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಒಂದು ಹಿಡಿ ಮರದ ಪುಡಿ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ನುಣ್ಣಗೆ ಬರುತ್ತದೆ. ಎಲ್ಲವನ್ನೂ ವಸ್ತ್ರಗಾಳಿತ ಮಾಡಿಕೊಳ್ಳಬೇಕು, ಆ ಹೊತ್ತಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು. ಒಣ ಪುಡಿಗಳನ್ನು ಮೊದಲು ಬೆರೆಸಿ, ಆಮೇಲೆ ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಬೇಕು. ನೀರು ಇಷ್ಟೇ ಎಂದು ಹೇಳುವುದು ಕಷ್ಟ. ಮುದ್ದೆ ಕೈಗೆ ಅಂಟದೆ, ಹಿಸುಕಿದರೆ ಬಿರುಕು ಬಿಡದೆ ನಿಂತರೆ ಹದ ಬಂತು ಎಂದರ್ಥ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಜಿಗಟು ನೀರು ಹೀರಿ ಮುದ್ದೆ ಮತ್ತಷ್ಟು ಹಿಡಿತಕ್ಕೆ ಬರುತ್ತದೆ.

ಇನ್ನು ಗಾತ್ರ. ಬುಡದಲ್ಲಿ ಒಂದು ಸೆಂಟಿಮೀಟರ್ ಅಗಲ, ಎತ್ತರ ಎರಡೂವರೆ ಸೆಂಟಿಮೀಟರ್ ಇದ್ದರೆ ಒಣಗಿದ ಮೇಲೆ ಒಂದು ಕೋನ್ ಸುಮಾರು 0.6 ಗ್ರಾಂ ತೂಗುತ್ತದೆ. ನೋಡಲು ಬಡಕಲು ಎನ್ನಿಸಬಹುದು. ಅಂಗಡಿಯಲ್ಲಿ ಸಿಗುವ ದಪ್ಪ ಧೂಪದ ಕಡ್ಡಿಯ ಮುಂದೆ ಇದು ಮಗುವೇ. ಆದರೆ ಪೂಜೆಯ ಹೊತ್ತಿಗೆ ಇಷ್ಟು ಧಾರಾಳ ಸಾಕು. ನೆರಳಿನಲ್ಲಿ, ಗಾಳಿಯಾಡುವ ಕಡೆ ಮೊರದ ಮೇಲೆ ಹರಡಿ, ದಿನಕ್ಕೊಮ್ಮೆ ಮಗ್ಗುಲು ತಿರುವಬೇಕು. ಎಷ್ಟು ದಿನ ಎಂಬ ಪ್ರಶ್ನೆಗೆ ಕಡೂರಿನಲ್ಲಿ ಒಂದು ಉತ್ತರ, ತರೀಕೆರೆಯ ಮಲೆಯಂಚಿನ ಹಳ್ಳಿಗಳಲ್ಲಿ ಇನ್ನೊಂದು. ಬಯಲುಸೀಮೆಯ ಚೈತ್ರದ ಒಣಗಾಳಿಗೆ ಕೋನಿನ ಹೊರಮೈ ಬೇಗ ಒಣಗಿ ಬಿಗಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ, ಉದ್ದಕ್ಕೆ ಸೀಳು ಬೀಳುತ್ತದೆ. ಅಲ್ಲಿ ಮೊದಲ ಎರಡು ದಿನ ತೆಳುಬಟ್ಟೆ ಮುಚ್ಚಿಡಬೇಕು. ಆಷಾಢದ ಜಡಿಮಳೆಯಲ್ಲಿ ಮಲೆಯ ಮಗ್ಗುಲಲ್ಲಿ ಮಾಡಿದರೆ ವಾರವಾದರೂ ಒಣಗದೆ ಬೂಷ್ಟು ಹಿಡಿಯುತ್ತದೆ. ಕ್ಯಾಲೆಂಡರ್ ನೋಡುವ ಬದಲು ತೂಕ ನೋಡುವುದು ಲೇಸು. ಹತ್ತು ಕೋನ್‌ಗಳನ್ನು ಒಂದು ತಟ್ಟೆಯಲ್ಲಿಟ್ಟು ದಿನವೂ ತೂಗಿ, ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆ ಎಂದು ಲೆಕ್ಕ. ಗ್ರಾಂಗಿಂತ ಕಡಿಮೆ ವ್ಯತ್ಯಾಸವನ್ನೂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು.

ಈ ತೂಗುವ ಕೆಲಸ ಅತಿ ಎನ್ನಿಸಬಹುದು. ಆದರೆ ಮನೆಧೂಪದ ಅತ್ಯಂತ ಸಾಮಾನ್ಯ ದೋಷ ಪೂರ್ತಿ ಒಣಗದಿರುವುದೇ. ಹಸಿ ಇರುವ ಧೂಪ ತನ್ನ ಬಿಸಿಯನ್ನು ನೀರು ಆವಿ ಮಾಡಲು ಕಳೆದುಕೊಂಡು ತಣ್ಣಗೆ ಕನಲುತ್ತದೆ. ತಣ್ಣಗೆ ಕನಲಿದಷ್ಟೂ ಹೊಗೆ ದಟ್ಟ. ಮತ್ತೆ ಮತ್ತೆ ಆರಿಹೋಗುವುದು, ಬಿಳಿ ಹೊಗೆ ಮೋಡದಂತೆ ಏಳುವುದು, ಉಳಿದ ಬೂದಿಯ ಒಳಗೆ ಕಪ್ಪು ತುಂಡು ಉಳಿಯುವುದು ಇದರ ಗುರುತು. ರಾಳ ಹೆಚ್ಚಾದರೆ ಲಕ್ಷಣ ಬೇರೆ: ಕನಲುವ ತುದಿಯ ಕೆಳಗೆ ಎಣ್ಣೆಯಂತೆ ಕರಗಿ ಗುಳ್ಳೆ ಏಳುತ್ತದೆ, ಹೊಗೆ ಕರಿಯಾಗುತ್ತದೆ, ಪಕ್ಕದ ಗೋಡೆಗೆ ಮಸಿ ಹಿಡಿಯುತ್ತದೆ. ಪರಿಮಳ ಹೆಚ್ಚಲಿ ಎಂದು ರಾಳವನ್ನು 30, 40 ಗ್ರಾಂಗೆ ಏರಿಸುವವರು ಪರಿಮಳಕ್ಕಿಂತ ಮಸಿಯನ್ನೇ ಹೆಚ್ಚಿಸುತ್ತಾರೆ. ತುಪ್ಪ ಕಲಸುವುದರಲ್ಲೂ ಇದೇ ಆಗುತ್ತದೆ. ಆರಿಹೋಗುವ ಕೋನನ್ನು ಉರಿಸಲು ಪೆಟ್ಲುಪ್ಪು ಸೇರಿಸುವ ಉಪಾಯವೊಂದಿದೆ. ಅದು ಉರಿಯನ್ನೇನೋ ಹಿಡಿಸುತ್ತದೆ, ಜೊತೆಗೆ ಸಾರಜನಕದ ಆಕ್ಸೈಡ್‌ಗಳನ್ನೂ ಹೊಗೆಗೆ ಸೇರಿಸುತ್ತದೆ. ಹದವಾಗಿ ಒಣಗಿಸಿದ, ನುಣ್ಣಗೆ ಜರಡಿ ಹಿಡಿದ ಕೋನಿಗೆ ಅದರ ಅಗತ್ಯವೇ ಇಲ್ಲ.

ಅಂಟಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ‘ನೈಸರ್ಗಿಕ’ ಎಂಬ ಮಾತಿನ ಇನ್ನೊಂದು ಮುಖ ಇಲ್ಲಿದೆ. ಜಿಗಟು ಎಂದು ಗಂಧದ ಅಂಗಡಿಯಲ್ಲಿ ಸಿಗುವ ಪುಡಿ ಪಶ್ಚಿಮಘಟ್ಟದ ಗುಳಮಾವಿನಂಥ ಮರಗಳ ತೊಗಟೆ. ಅಗರಬತ್ತಿ ಉದ್ಯಮದ ಬೇಡಿಕೆಗಾಗಿ ತೊಗಟೆಯನ್ನು ಸುತ್ತಲೂ ಸುಲಿದ ಮರಗಳು ನಿಂತಲ್ಲೇ ಒಣಗಿವೆ, ಕಾಡಿನಲ್ಲಿ ಗುಳಮಾವು ವಿರಳವಾಗಲು ಇದೇ ದೊಡ್ಡ ಕಾರಣ. ಕರಿಧೂಪದ ಮರದ ಕಥೆಯೂ ಹೆಚ್ಚು ಬೇರೆಯಲ್ಲ. ರಾಳ ಬೇಗ ಇಳಿಯಲಿ ಎಂದು ಬುಡಕ್ಕೆ ಗಾಯ ಮಾಡಿ ಬೆಂಕಿ ಹಚ್ಚುವ ಪದ್ಧತಿ ಎಷ್ಟೋ ಮರಗಳನ್ನು ಟೊಳ್ಳು ಮಾಡಿದೆ. ತರೀಕೆರೆ ತಾಲ್ಲೂಕಿನ ಪಕ್ಕದ ಭದ್ರಾ ಅಭಯಾರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ; ಅದರೊಳಗಿಂದ ತೊಗಟೆಯನ್ನಾಗಲಿ ರಾಳವನ್ನಾಗಲಿ ತರುವುದು ಅಪರಾಧ. ಮನೆಬಳಕೆಗೆ ಜಿಗಟಿನ ಬದಲು ಗೋರಿಕಾಯಿ ಜಾತಿಯ ಬೀಜದಿಂದ ತೆಗೆದ ಗೌರ್ ಗಮ್ ಸಾಕು, ನೂರು ಗ್ರಾಂಗೆ ಎರಡರಿಂದ ಮೂರು ಗ್ರಾಂ ಅಷ್ಟೆ. ಕಡಿಮೆಯಾದ ತೂಕಕ್ಕೆ ಮರದ ಪುಡಿ ಹಾಕಿಕೊಳ್ಳಬೇಕು. ಐದಾರು ಗ್ರಾಂ ಸುರಿದರೆ ಅದು ನೀರಿನಲ್ಲಿ ಉಬ್ಬಿ, ಒಣಗುವಾಗ ಕುಗ್ಗಿ, ಕೋನನ್ನು ಸೀಳುತ್ತದೆ, ಉಳಿದದ್ದು ಕಲ್ಲಿನಂತೆ ಗಟ್ಟಿಯಾಗಿ ಕನಲುವುದಿಲ್ಲ. ಅಂಟು ಕಡಿಮೆಯಿದ್ದು ತುಸು ಉದುರುವ ಕೋನ್ ಸುಡುವಾಗ ಹೆಚ್ಚು ಸಲೀಸು.

ಇಲ್ಲಿಗೆ ಧೂಪ ಸಿದ್ಧವಾಯಿತು, ಈಗ ಹೊಗೆಯ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಗ್ರಾಂಗೆ 45 ಮಿಲಿಗ್ರಾಂ ಎಂದೇ ಹಿಡಿದರೆ ನಮ್ಮ 0.6 ಗ್ರಾಂ ಕೋನ್ 27 ಮಿಲಿಗ್ರಾಂ ಕಣ ಬಿಡುತ್ತದೆ. ಅದೆಲ್ಲ ಕೋಣೆಯಲ್ಲೇ ಉಳಿದರೆ ಪ್ರತಿ ಘನ ಮೀಟರಿಗೆ ಸುಮಾರು 960 ಮೈಕ್ರೋಗ್ರಾಂ. ಕಿಟಕಿ ಬಾಗಿಲು ಮುಚ್ಚಿದ್ದು, ಗಾಳಿ ಪೂರ್ತಿ ಬದಲಾಗಲು ಎರಡು ಗಂಟೆ ಬೇಕು ಎಂದಿಟ್ಟುಕೊಂಡರೆ, ಆ ಒಂದೇ ಕೋನಿನ ಪಾಲು 24 ಗಂಟೆಯ ಸರಾಸರಿಯಲ್ಲಿ 80 ಮೈಕ್ರೋಗ್ರಾಂ ಆಗುತ್ತದೆ. ಅದೇ ಕೋಣೆಯ ಎದುರುಬದುರು ಕಿಟಕಿ ಬಾಗಿಲು ತೆರೆದಿದ್ದು ಗಂಟೆಗೆ ಐದು ಸಲ ಗಾಳಿ ಬದಲಾದರೆ ಅದು 8ಕ್ಕೆ ಇಳಿಯುತ್ತದೆ. ಪಿಎಂ 2.5 ಎಂದು ಕರೆಯುವ ಸೂಕ್ಷ್ಮಕಣಕ್ಕೆ ನಮ್ಮ ದೇಶದ ಹೊರಗಾಳಿಯ ಮಾನದಂಡ 24 ಗಂಟೆಯ ಸರಾಸರಿಯಲ್ಲಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡು ಗ್ರಾಂ ತೂಗುವ ದಪ್ಪ ಕಡ್ಡಿಯನ್ನು ಮುಚ್ಚಿದ ಕೋಣೆಯಲ್ಲಿ ಸುಟ್ಟರೆ ಇದೇ ಲೆಕ್ಕದಲ್ಲಿ 260 ದಾಟುತ್ತದೆ. ಇದು ಅಂದಾಜಿನ ಗಣಿತ. ಕಣಗಳು ಗೋಡೆಗೆ, ಬಟ್ಟೆಗೆ ಅಂಟುವುದನ್ನು ಇಲ್ಲಿ ಹಿಡಿದಿಲ್ಲ, ಒಂದೊಂದು ಮಿಶ್ರಣ ಒಂದೊಂದು ಪ್ರಮಾಣದಲ್ಲಿ ಹೊಗೆಯಾಡುತ್ತದೆ. ಆದರೂ ಮೂರು ಪಟ್ಟು ವ್ಯತ್ಯಾಸ ತೂಕದಿಂದ, ಹತ್ತು ಪಟ್ಟು ವ್ಯತ್ಯಾಸ ಕಿಟಕಿಯಿಂದ ಬರುತ್ತದೆ ಎಂಬುದು ಈ ಗಣಿತದಲ್ಲಿ ಗಟ್ಟಿಯಾಗಿ ನಿಲ್ಲುವ ಮಾತು. ತುಳಸಿ ಹಾಕಿದರೆ ಎಷ್ಟು ಕಡಿಮೆ, ಲಾವಂಚ ಹಾಕಿದರೆ ಎಷ್ಟು ಕಡಿಮೆ ಎಂಬ ಚರ್ಚೆ ಇದರ ಮುಂದೆ ಚಿಲ್ಲರೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಧೂಪದ ಹೊಗೆ ಗಾಳಿಯನ್ನು ಶುದ್ಧಮಾಡುತ್ತದೆ, ವಿಜ್ಞಾನವೇ ಹೇಳಿದೆ. ಹಾಗೆ ಹೇಳುವವರ ಬಳಿ ಒಂದು ನಿಜವಾದ ಅಧ್ಯಯನವಿದೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾವಿನ ಕಟ್ಟಿಗೆ ಮತ್ತು ಹವನದ ಮೂಲಿಕೆಗಳನ್ನು ಒಂದು ಗಂಟೆ ಸುಟ್ಟಾಗ ಮುಚ್ಚಿದ ಕೋಣೆಯ ಗಾಳಿಯಲ್ಲಿದ್ದ ಬ್ಯಾಕ್ಟೀರಿಯ ಶೇ 94ರಷ್ಟು ಕಡಿಮೆಯಾದವು. ಇದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಆ ಪ್ರಯೋಗ ಎಣಿಸಿದ್ದು ಬ್ಯಾಕ್ಟೀರಿಯವನ್ನು. ಅದೇ ಹೊಗೆಯನ್ನು ಕುಡಿದ ಶ್ವಾಸಕೋಶಕ್ಕೆ ಏನಾಯಿತು ಎಂಬುದು ಅದರ ಪ್ರಶ್ನೆಯಾಗಿರಲಿಲ್ಲ. ಬ್ಯಾಕ್ಟೀರಿಯ ಉಳಿಯದಷ್ಟು ಹೊಗೆ ಕವಿದ ಕೋಣೆಯಲ್ಲಿ ಮನುಷ್ಯರು ಕೂರುವುದು ಬೇರೆಯೇ ವಿಷಯ. ಆ ಕಡೆಯಿಂದ ನೋಡಿದ ಅಧ್ಯಯನವೂ ಇದೆ. ಸಿಂಗಪುರದಲ್ಲಿ 61 ಸಾವಿರಕ್ಕೂ ಹೆಚ್ಚು ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟವಾದ ವರದಿಯಲ್ಲಿ, ಮನೆಯಲ್ಲಿ ದೀರ್ಘಕಾಲ ಊದುಬತ್ತಿ ಉರಿಸಿದವರಿಗೆ ಮೇಲಿನ ಶ್ವಾಸಮಾರ್ಗದ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚು ಬಂದದ್ದು ಕಂಡಿತು. ಎಲ್ಲ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಸೇರಿಸಿ ನೋಡಿದಾಗ ಅಂಥ ಸ್ಪಷ್ಟ ನಂಟು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅದು ಹಗಲಿಡೀ, ಕೆಲವು ಕಡೆ ರಾತ್ರಿಯಿಡೀ ಉರಿಸುವ ಮನೆಗಳ ಲೆಕ್ಕ. ಹಬ್ಬಕ್ಕೊಂದು ಕೋನ್ ಹಚ್ಚುವವರನ್ನು ಆ ವರದಿಯಿಂದ ಹೆದರಿಸುವುದು ಸರಿಯಲ್ಲ.

ಎರಡನೆಯದು, ಅಜ್ಜಿ ಮುತ್ತಜ್ಜಿಯರ ಕಾಲದಿಂದ ಹಾಕಿದ್ದೇವೆ, ಯಾರಿಗೆ ಏನಾಯಿತು ಎಂಬ ಆಕ್ಷೇಪ. ಏನಾಯಿತೆಂದು ಯಾರೂ ಬರೆದಿಡಲಿಲ್ಲ ಎಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದದ್ದು ಮನೆಯ ಮಾಡು. ನಾಡಹೆಂಚಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಹೊಗೆ ಮೇಲೆದ್ದು ಹೋಗುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಮನೆಯಲ್ಲಿ ಒಲೆ ಹೊತ್ತಿಸಿದ್ದು ಮಾಡಿನಿಂದಲೇ ಗೊತ್ತಾಗುತ್ತಿತ್ತು. ಈಗ ಬೀರೂರಿನಿಂದ ಶಿವನಿಯವರೆಗೆ ಎದ್ದಿರುವ ಆರ್‌ಸಿಸಿ ಮನೆಗಳಲ್ಲಿ ದೇವರಕೋಣೆ ಎಂದರೆ ಮನೆಯ ನಡುವಿನ, ಕಿಟಕಿಯಿಲ್ಲದ, ನಾಲ್ಕಡಿ ಅಗಲದ ಗೂಡು. ಸೊಳ್ಳೆಪರದೆ ಬಿಗಿದ ಕಿಟಕಿಗಳು ಸಂಜೆ ಆರಕ್ಕೇ ಮುಚ್ಚಿರುತ್ತವೆ, ಧೂಪ ಹಚ್ಚುವುದೂ ಅದೇ ಹೊತ್ತಿಗೆ. ಪದ್ಧತಿ ಹಳೆಯದೇ, ಅದು ನಡೆಯುವ ಕೋಣೆ ಹೊಸದು. ಹಿರಿಯರ ಅನುಭವವನ್ನು ಮುಂದಿಡುವವರು ಹಿರಿಯರ ಹೆಂಚಿನ ಸಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೂರನೆಯದು ಸಗಣಿಯ ಬಗ್ಗೆ, ಮತ್ತು ಇದು ಈ ಸೀಮೆಯಲ್ಲಿ ಸೂಕ್ಷ್ಮವಾದದ್ದು. ಗೋಮಯದ ಧೂಪ ಪವಿತ್ರ ಎಂಬ ಭಾವನೆಯೊಡನೆ ನನಗೆ ಜಗಳವಿಲ್ಲ. ಸಗಣಿಯ ಅನುಕೂಲವೂ ದೊಡ್ಡದು, ಅದರ ನಾರೇ ಇಂಧನ, ಅದರ ಜಿಗುಟೇ ಅಂಟು, ಬೇರೆ ತೊಗಟೆ ಬೇಡ. ಆದರೆ ಬೆರಣಿ ಉರಿಸಿ ಅಡುಗೆ ಮಾಡಿದ ಮನೆಗಳ ಗಾಳಿಯನ್ನು ಅಳೆದವರೆಲ್ಲ ಒಪ್ಪುವ ಮಾತೆಂದರೆ, ಮನೆಬಳಕೆಯ ಇಂಧನಗಳಲ್ಲಿ ಒಣ ಸಗಣಿಯಷ್ಟು ಹೊಗೆಯುಗುಳುವುದು ಕಡಿಮೆ. ಅಮೃತಮಹಲ್ ಹಸುವಿನದಾದರೂ, ಸೀಮೆಹಸುವಿನದಾದರೂ ಸುಡುವ ಹೊತ್ತಿಗೆ ಅದು ಜೀರ್ಣವಾಗದೆ ಉಳಿದ ಹುಲ್ಲಿನ ನಾರೇ. ಸಗಣಿ ಬೇಕೇ ಬೇಕು ಎನ್ನುವವರು ಬೆರಣಿ ತಟ್ಟಿ ಪೂರ್ತಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಮರದ ಪುಡಿಯ ಅರ್ಧದಷ್ಟು ಜಾಗಕ್ಕೆ ಮಾತ್ರ ಅದನ್ನು ಹಾಕುವುದು ಲೇಸು. ಹಸಿ ಸಗಣಿಯಲ್ಲೇ ಮೂಲಿಕೆ ಕಲಸಿ ದೊಡ್ಡ ಅಚ್ಚಿಗೆ ಒತ್ತಿದ ಬಟ್ಟಲುಗಳು ಒಳಗೆ ಒಣಗುವುದೇ ಇಲ್ಲ.

ಕೊಟ್ಟಿಗೆಗೆ ಸಂಜೆ ಬೇವು, ಲಕ್ಕಿಯ ಹೊಗೆ ಹಾಕುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮೂರು ಕಡೆ ತೆರೆದ ಜಾಗ, ನೊಣ ಸೊಳ್ಳೆ ಸ್ವಲ್ಪ ಹೊತ್ತು ದೂರವಿರುವುದೂ ನಿಜ. ಅದೇ ಉಪಾಯವನ್ನು ಮಲಗುವ ಕೋಣೆಗೆ ತರುವುದು ಬೇಡ. ಸೊಳ್ಳೆ ಓಡುವಷ್ಟು ಹೊಗೆ ಎಂದರೆ ನಿದ್ದೆಯಲ್ಲಿ ಕುಡಿಯುವಷ್ಟು ಹೊಗೆ, ಸೊಳ್ಳೆಪರದೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಗಾಬರಿಪಡಬೇಕಾದ ಜಾಗ ಬಾಣಂತಿ ಕೋಣೆ. ಮಗುವಿಗೆ ಎಣ್ಣೆನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಕೂದಲಿಗೆ ಮೈಗೆ ಹೊಗೆ ಹಿಡಿಯುವ ರೂಢಿ ಈ ಮೂರೂ ತಾಲ್ಲೂಕುಗಳಲ್ಲಿದೆ. ಶೀತವಾಗಬಾರದೆಂದು ಕಿಟಕಿ ಮುಚ್ಚಿರುತ್ತಾರೆ, ಬಾಗಿಲ ಸಂದಿಗೂ ಬಟ್ಟೆ ತುರುಕಿರುತ್ತಾರೆ. ಅಲ್ಲಿ ಕಣಗಳಷ್ಟೇ ಅಲ್ಲ, ಕೆಂಡವೇ ಅಪಾಯ. ತೆಂಗಿನ ಚಿಪ್ಪಿನ ಇದ್ದಿಲು ಹೊಗೆಯಿಲ್ಲದೆ ಕೆಂಪಗೆ ಕನಲುತ್ತಿರುವಾಗಲೂ ಇಂಗಾಲದ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದಾಗ ಬಾಣಂತನದ ಸುಸ್ತು ಎಂದೇ ಎಲ್ಲರೂ ತಿಳಿಯುತ್ತಾರೆ. ಹಸುಗೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ, ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೂದಲು ಒಣಗಿಸಲು ಒಣ ಬಟ್ಟೆ ಸಾಕು. ಹಿರಿಯರ ಮಾತು ಮೀರಲಾಗದ ಮನೆಗಳಲ್ಲಿ ಕೆಂಡದ ಪಾತ್ರೆಯನ್ನು ಪಡಸಾಲೆಯಲ್ಲಿಟ್ಟು, ಬಟ್ಟೆಗೆ ಪರಿಮಳ ಹಿಡಿಸಿ, ಆ ಬಟ್ಟೆಯನ್ನು ಒಳಗೆ ತರುವ ದಾರಿಯಿದೆ. ದಮ್ಮು, ಉಬ್ಬಸ ಇರುವವರ ಮನೆಯಲ್ಲಿ ಇಷ್ಟೂ ಬೇಡ.

ಧೂಪ ಮಾಡಿ ಸಂತೆಯಲ್ಲೋ ಜಾತ್ರೆಯಲ್ಲೋ ಮಾರುವ ಮಹಿಳಾ ಸಂಘಗಳಿಗೆ ಈ ಲೆಕ್ಕದಿಂದ ನಷ್ಟವಾಗುತ್ತದೆ ಎಂಬ ಅಳುಕು ಇರಬಹುದು. ನನಗೆ ಹಾಗನ್ನಿಸುವುದಿಲ್ಲ. ‘ಶೇ 100 ಸಾವಯವ, ಹಾನಿರಹಿತ’ ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕುವುದು ಸುಲಭ, ಸಾಬೀತು ಮಾಡುವುದು ಯಾರಿಂದಲೂ ಆಗದು. ಅದರ ಬದಲು ಏನೇನು ಹಾಕಿದೆ, ಅಂಟು ಯಾವುದು, ಒಂದು ಕೋನಿನ ತೂಕ ಎಷ್ಟು, ಎಷ್ಟು ನಿಮಿಷ ಕನಲುತ್ತದೆ ಎಂದು ಬರೆದು, ಕೆಳಗೆ ‘ಕಿಟಕಿ ತೆರೆದು ಹಚ್ಚಿ, ಮಕ್ಕಳು ಮಲಗುವ ಕೋಣೆಯಲ್ಲಿ ಬೇಡ’ ಎಂಬ ಒಂದು ಸಾಲು ಸೇರಿಸಬಹುದು. ಮಾಡುವಾಗ ಹೇಗೂ ತೂಗಿಯೇ ಇರುತ್ತಾರೆ. ಸಣ್ಣ ಕೋನಿನಿಂದ ಅವರಿಗೊಂದು ಲಾಭವೂ ಇದೆ: ನೂರು ಗ್ರಾಂ ಪುಡಿಯಿಂದ ಎರಡು ಗ್ರಾಂನ ಕಡ್ಡಿ ಐವತ್ತು ಬಂದರೆ, 0.6 ಗ್ರಾಂನ ಕೋನ್ ನೂರಾ ಅರವತ್ತಕ್ಕೂ ಹೆಚ್ಚು ಬರುತ್ತವೆ.